ಆ 40 ಪರ್ಸೆಂಟ್ ಎಲ್ಲಿಂದ ಬಂತಮ್ಮಾ?

ಮಾರ್ಚ್ ಬಂತು, ಆಫೀಸಿನಲ್ಲಿ ಸೆಲ್ಫ್ ಅಪ್ರೈಸಲ್ ಫಾರ್ಮ್ ತುಂಬುವ ವಾರ. ವರ್ಷದಲ್ಲಿ ಏನೇನು ಮಾಡಿದೆ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾರೆ. ನಾನೀಗ ಏಳು ಜನರ ಫಾರ್ಮ್ ಓದುವ ಸೀಟಿನಲ್ಲಿದ್ದೇನೆ. ಆದರೆ ನಾಲ್ಕು ವರ್ಷದ ಹಿಂದೆ ನಾನೇ ಬರೆದ ಒಂದು ಸಾಲು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಆಗ ನಾನು ಬೇರೊಂದು ಕಂಪನಿಯಲ್ಲಿ ಕಸ್ಟಮರ್ ಸಪೋರ್ಟಿನಲ್ಲಿದ್ದೆ. ಗ್ರಾಹಕರಿಂದ ಬರುವ ಒಂದೊಂದು ದೂರಿಗೂ ಅಲ್ಲಿ ಟಿಕೆಟ್ ಅನ್ನುತ್ತಾರೆ. ಬರೆದಿದ್ದು ಇಷ್ಟು: "ಟಿಕೆಟ್ ಬಗೆಹರಿಸುವ ಸಮಯವನ್ನು ಶೇ. 40ರಷ್ಟು ಇಳಿಸಿದೆ." ಓದಲು ಎಷ್ಟು ಚೆಂದ ಅಲ್ವಾ? ಮ್ಯಾನೇಜರ್ ಹಾಸನದವರು, ನಿಧಾನಕ್ಕೆ ಮಾತಾಡುವ ಮನುಷ್ಯ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು ಕೇಳಿದರು, "ಈ 40 ಎಲ್ಲಿಂದ ಬಂತಮ್ಮಾ?"

ಲೆಕ್ಕ ತೋರಿಸಿದೆ. ಹಿಂದಿನ ಮಾರ್ಚಿನಲ್ಲಿ ಒಂದು ಟಿಕೆಟ್ ಮುಗಿಯಲು ಸರಾಸರಿ 30 ಗಂಟೆ ಹಿಡಿಯುತ್ತಿತ್ತು. ಡಿಸೆಂಬರಿನಲ್ಲಿ ಅದು 18 ಗಂಟೆಗೆ ಇಳಿದಿತ್ತು. 30ರಲ್ಲಿ 12 ಕಡಿಮೆ ಅಂದರೆ 40 ಪರ್ಸೆಂಟ್. ಸರಿಯಾಗಿಯೇ ಇದೆ.

"ಮಾರ್ಚಿಗೂ ಡಿಸೆಂಬರಿಗೂ ಯಾಕೆ ಹೋಲಿಸಿದೆ?" ಅಂದರು.

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಾರ್ಚ್ ಅಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು, ಗ್ರಾಹಕರೆಲ್ಲ ಒಟ್ಟಿಗೆ ಮುಗಿಬೀಳುತ್ತಾರೆ. ಅದು ಪ್ರತಿ ವರ್ಷದ ಪಾಡು. ಡಿಸೆಂಬರಿಗೆ ಹಿಂದಿನ ಡಿಸೆಂಬರನ್ನೇ ಇಟ್ಟು ನೋಡಿದರೆ 21 ಗಂಟೆ ಇದ್ದದ್ದು 18 ಆಗಿತ್ತು, ಅಂದರೆ ಸುಮಾರು 14 ಪರ್ಸೆಂಟ್. ಅದರ ಮೇಲೆ ಆಗಸ್ಟಿನಲ್ಲಿ ನಮ್ಮ ಟೀಮಿಗೆ ಹೊಸದಾಗಿ ಇಬ್ಬರು ಸೇರಿದ್ದರು. ಅವರ ದುಡಿಮೆಯನ್ನೂ ನನ್ನ ಖಾತೆಗೆ ಬರೆದುಕೊಂಡಿದ್ದೆ. ನಾನು ಕೊಟ್ಟ ಸಂಖ್ಯೆಗಳಲ್ಲಿ ಒಂದೂ ಸುಳ್ಳಿರಲಿಲ್ಲ. ತಿಂಗಳು ಆರಿಸಿಕೊಂಡದ್ದರಲ್ಲೇ ಎಲ್ಲ ಇತ್ತು.

ಅವರು ಬಯ್ಯಲಿಲ್ಲ. "ಆ ಜಿಎಸ್‌ಟಿ ನಂಬರಿನ ಕೆಲಸ ಯಾಕೆ ಬರೆದಿಲ್ಲ?" ಅಂತ ಕೇಳಿದರು.

"ಅದು ಸಣ್ಣ ಕೆಲಸ ಸರ್. ಕೋಡ್ ಬರೆದದ್ದೂ ನಾನಲ್ಲ."

ಆ ಸಣ್ಣ ಕೆಲಸದ ಕಥೆ ಕೇಳಿ. ಗ್ರಾಹಕರು ಸೇರುವಾಗ ತಮ್ಮ ಜಿಎಸ್‌ಟಿ ನಂಬರನ್ನು ತಾವೇ ಟೈಪ್ ಮಾಡುತ್ತಿದ್ದರು. ಒಂದಕ್ಷರ ತಪ್ಪಿದರೂ ಬಿಲ್ಲಿನಲ್ಲಿ ತಪ್ಪು ನಂಬರ್ ಹೋಗುತ್ತದೆ, ಅವರಿಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಆಮೇಲೆ ನಮಗೆ ಫೋನ್. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳ ಬಿಲ್ಲಿನ ಟಿಕೆಟ್‌ಗಳನ್ನು ನಾನು ಒಂದೊಂದಾಗಿ ಓದಿದ್ದೆ. ಒಟ್ಟು 180. ಅದರಲ್ಲಿ 110 ಈ ನಂಬರಿನ ತಪ್ಪೇ. ಜಿಎಸ್‌ಟಿ ನಂಬರಿಗೆ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪಾನ್ ನಂಬರ್. ಕೊನೆಯ ಅಕ್ಷರ ಇಡೀ ನಂಬರನ್ನು ತಾಳೆ ನೋಡಲಿಕ್ಕೆಂದೇ ಇರುವುದು. ಇಷ್ಟನ್ನೂ ಟೈಪ್ ಮಾಡುವಾಗಲೇ ಪರೀಕ್ಷಿಸಬಹುದು ಅಂತ ಡೆವಲಪ್‌ಮೆಂಟ್ ಟೀಮಿಗೆ ಬರೆದೆ. ಅಲ್ಲಿನ ಒಬ್ಬರು ಕೋಡ್ ಬರೆದರು. ಅಕ್ಟೋಬರಿನಲ್ಲಿ ಅದು ಬಂತು. ನವೆಂಬರಿನಿಂದ ಜನವರಿವರೆಗೆ ಇದೇ ತಪ್ಪಿನ ಟಿಕೆಟ್ ಬಂದದ್ದು 27.

ಮ್ಯಾನೇಜರ್ ಅಲ್ಲಿಗೂ ಬಿಡಲಿಲ್ಲ. ಹೊಸ ಗ್ರಾಹಕರೇ ಕಡಿಮೆ ಸೇರಿರಬಹುದಲ್ಲ ಅಂದರು. ಹೋಗಿ ನೋಡಿದೆ. ಮೊದಲ ಮೂರು ತಿಂಗಳಲ್ಲಿ 1,200 ಜನ, ನಂತರದ ಮೂರರಲ್ಲಿ 1,260. ಹಾಗಾಗಿ ಆ ಅನುಮಾನ ಹೋಯಿತು. ಉಳಿದ 27 ಯಾಕೆ ಬಂದವು ಅಂತಲೂ ನೋಡಿದೆ. ಬಹಳಷ್ಟು ಜನ ತಮ್ಮದೇ ಇನ್ನೊಂದು ಸಂಸ್ಥೆಯ ನಂಬರ್ ಹಾಕಿದ್ದರು. ಆ ನಂಬರ್ ಸರಿಯಾದದ್ದೇ, ಆದರೆ ಬೇರೆ ಸಂಸ್ಥೆಯದು. ನಮ್ಮ ಪರೀಕ್ಷೆಗೆ ಅದು ಸಿಗುವುದಿಲ್ಲ.

ಕೊನೆಗೆ ಫಾರ್ಮಿನಲ್ಲಿ ಉಳಿದದ್ದು ಇದು: "ಮೂರು ತಿಂಗಳ 180 ಟಿಕೆಟ್ ಓದಿ, 110ಕ್ಕೆ ತಪ್ಪು ಜಿಎಸ್‌ಟಿ ನಂಬರ್ ಕಾರಣವೆಂದು ಗುರುತಿಸಿದೆ. ಟೈಪ್ ಮಾಡುವಾಗಲೇ ಪರೀಕ್ಷಿಸುವ ಸಲಹೆ ಕೊಟ್ಟೆ. ಡೆವಲಪ್‌ಮೆಂಟ್ ಟೀಮ್ ಅದನ್ನು ಅಕ್ಟೋಬರಿನಲ್ಲಿ ಜಾರಿ ಮಾಡಿತು. ಇಂಥ ಟಿಕೆಟ್ ತಿಂಗಳಿಗೆ ಸುಮಾರು 37ರಿಂದ 9ಕ್ಕೆ ಇಳಿದವು. ಒಂದಕ್ಕೆ ಸುಮಾರು 40 ನಿಮಿಷದಂತೆ ಟೀಮಿಗೆ ತಿಂಗಳಿಗೆ ಸುಮಾರು 18 ಗಂಟೆ ಉಳಿದಿದೆ (20 ಟಿಕೆಟ್‌ಗಳ ಸಮಯ ಅಳೆದು ಹಾಕಿದ ಅಂದಾಜು)." ಕೆಳಗೆ ಟಿಕೆಟ್ ರಿಪೋರ್ಟಿನ ಲಿಂಕ್, ನಾನು ಕಳಿಸಿದ್ದ ಮೇಲ್‌ನ ತಾರೀಖು.

40 ಪರ್ಸೆಂಟಿನ ಮುಂದೆ ಇದು ಬಡವಾಗಿ ಕಾಣುತ್ತದೆ, ನಿಜ. ಆದರೆ ರೇಟಿಂಗ್ ಮೀಟಿಂಗಿನಲ್ಲಿ ನಾವು ಇರುವುದಿಲ್ಲ. ನಮ್ಮ ಪರವಾಗಿ ಮ್ಯಾನೇಜರ್ ಕೂತಿರುತ್ತಾರೆ. ಬೇರೆ ಟೀಮಿನವರು "ಅದು ಹೇಗೆ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದರೂ ಅವರ ಕೈಯಲ್ಲಿ ಉತ್ತರ ಇರಬೇಕು. 40ಕ್ಕೆ ಅಂಥ ಉತ್ತರ ಇರಲಿಲ್ಲ.

ಆಮೇಲಿನಿಂದ ನಾನೊಂದು ಅಭ್ಯಾಸ ಮಾಡಿಕೊಂಡೆ. ಫಾರ್ಮ್ ಇಂಗ್ಲಿಷಿನಲ್ಲೇ ಹೋಗಬೇಕು, ಸರಿ. ಆದರೆ ಪ್ರತಿ ಸಾಲನ್ನೂ ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಯಾಕಂದರೆ ನಮ್ಮ ಕ್ರಿಯಾಪದದ ಬಾಲ ಯಾರು ಮಾಡಿದ್ದು ಅಂತ ಹೇಳಿಬಿಡುತ್ತದೆ. ಗುರುತಿಸಿದೆ. ಚರ್ಚಿಸಿದೆವು. ಬರೆದರು. "ಮಾಡಲಾಯಿತು" ಅಂತ ಬಾಯಿಗೆ ಬಂತೋ, ಅಲ್ಲಿ ಏನೋ ಬಚ್ಚಿಟ್ಟಿದ್ದೇನೆ ಅಂತ ಅರ್ಥ. ಒಂದೋ ಬೇರೆಯವರ ಕೆಲಸ ನನ್ನ ಕಡೆ ಜಾರುತ್ತಿದೆ, ಇಲ್ಲ ನನ್ನ ಕೆಲಸವನ್ನೇ ಹೇಳಲು ಸಂಕೋಚ.

ಪುರಾವೆ ಮಾತ್ರ ಮಾರ್ಚಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬದಲಾವಣೆ ಮಾಡುವ ಮೊದಲಿನ ಸ್ಥಿತಿಯನ್ನು ಆಗಲೇ ಬರೆದಿಟ್ಟುಕೊಳ್ಳಬೇಕು, ಆಮೇಲೆ ಅದನ್ನು ಅಳೆಯುವುದು ಕಷ್ಟ. ತಿಂಗಳ ಕೊನೆಯ ಶುಕ್ರವಾರ ಕಾಲು ಗಂಟೆ ಕೂತು ನಾಲ್ಕು ಸಾಲು ಬರೆಯುತ್ತೇನೆ, ಆಫೀಸಿನ ಲ್ಯಾಪ್‌ಟಾಪಿನಲ್ಲೇ. ಪುರಾವೆ ಅಂತ ಗ್ರಾಹಕರ ವಿವರ ಇರುವ ಮೇಲ್‌ಗಳನ್ನು ಸ್ವಂತ ಜಿಮೇಲಿಗೆ ಕಳಿಸಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಅಪ್ರೈಸಲ್ ಹೋಗಿ ವಿಚಾರಣೆ ಆಗುತ್ತದೆ.

ಮತ್ತೆ ಆ "ಸುಧಾರಿಸಿಕೊಳ್ಳಬೇಕಾದ ವಿಷಯ" ಅನ್ನುವ ಕಾಲಂ. "ನಾನು ಎಲ್ಲವನ್ನೂ ಪರ್ಫೆಕ್ಟಾಗಿ ಮಾಡಲು ಹೋಗಿ ತಡವಾಗುತ್ತದೆ" ಅನ್ನುವ ಸಾಲು ಓದಿದರೆ ನನಗೆ ನಗು ಬರುತ್ತದೆ. ಹೋದ ವರ್ಷ ನನ್ನ ಫಾರ್ಮಿನಲ್ಲಿ ಬರೆದದ್ದು ಬೇರೆ: 112 ಗ್ರಾಹಕರಿಗೆ ಒಂದೇ ನೆನಪಿನ ಮೇಲ್ ಎರಡು ಸಲ ಕಳಿಸಿದೆ. ಪಟ್ಟಿಯಲ್ಲಿ ಹೆಸರು ಎರಡೆರಡು ಸಲ ಇದ್ದದ್ದನ್ನು ನೋಡಲಿಲ್ಲ. ಅದೇ ದಿನ ಕ್ಷಮೆ ಕೇಳಿದೆ. ಈಗ ಪಟ್ಟಿಯನ್ನು ಇನ್ನೊಬ್ಬರು ನೋಡದೆ ಕಳಿಸುವುದಿಲ್ಲ. ನಾಲ್ಕು ಸಾಲು, ಅಷ್ಟೇ. ಅಲ್ಲಿ ಅಳುವುದೂ ಬೇಡ.

ನಿನ್ನೆ ನಮ್ಮ ಟೀಮಿನ ಹುಡುಗನೊಬ್ಬ ಫಾರ್ಮ್ ಕಳಿಸಿದ್ದ. ಎಣಿಸಿದೆ, 14 ಕಡೆ "ಮಾಡಲಾಯಿತು" ಥರದ ಇಂಗ್ಲಿಷ್ ವಾಕ್ಯ. ಕರೆದು ಕೂರಿಸಿಕೊಂಡು ಒಂದೊಂದಕ್ಕೂ "ಯಾರು ಮಾಡಿದ್ದು?" ಅಂತ ಕೇಳುತ್ತಾ ಹೋದೆ.

ಒಂಬತ್ತಕ್ಕೆ "ನಾನೇ ಮೇಡಂ" ಅಂದ.

"ಮತ್ತೆ ಹಾಗೇ ಬರೆಯೋದಲ್ವಾ?"

"ಹೇಳ್ಕೊಳ್ಳೋಕೆ ಒಂಥರಾ ಆಗುತ್ತೆ ಮೇಡಂ."

ಉಳಿದ ಐದರ ಬಗ್ಗೆ ಕೇಳಿದಾಗ ಪಕ್ಕದ ಸೀಟಿನವಳ ಕಡೆ ನೋಡಿ ಸುಮ್ಮನಾದ. ಸೋಮವಾರದೊಳಗೆ ತಿದ್ದಿ ಕೊಡುತ್ತೇನೆ ಅಂದಿದ್ದಾನೆ.