548, 548, 548: ಇದರಲ್ಲಿ ಐದನೇ ರ‍್ಯಾಂಕ್ ಯಾವುದು ಸ್ವಾಮಿ?

"ನಿಂದು ಐದನೇ ರ‍್ಯಾಂಕ್, ಹೋಗಿ ಕೂತ್ಕೋ." ಶಾಲೆಯ ಬಹುಮಾನ ವಿತರಣೆಯಲ್ಲಿ ಪಟ್ಟಿ ಹಿಡಿದವರು ಇದನ್ನ ಮೈಕ್‌ನಲ್ಲೇ ಹೇಳಿದ್ರು. ಎಲ್ಲರೆದುರಿಗೆ.

ಅದಕ್ಕೂ ಮುಂಚೆ "ಮೂರನೇ ಸ್ಥಾನ, 548 ಅಂಕ" ಅಂತ ಕೂಗಿದ್ದೂ ಅವರೇ. ಮೂರು ಮಕ್ಕಳು ಎದ್ದವು. ಏಳದೆ ಇನ್ನೇನು, ಮೂವರ ಅಂಕಪಟ್ಟಿಯಲ್ಲೂ 548 ಅಂತಲೇ ಇದೆಯಲ್ಲ! ಇಬ್ಬರು ಮೆಟ್ಟಿಲ ಹತ್ತಿರ, ಒಬ್ಬಳು ಆಗಲೇ ವೇದಿಕೆ ಮೇಲೆ. ಪಟ್ಟಿ ಹಿಡಿದವರು ಬೆರಳಿಟ್ಟು ಕೆಳಗೆ ಇಳಿಸ್ತಾ ಹೋಗಿ, ನಾಲ್ಕು ದಾಟಿ, ಐದರ ಹತ್ತಿರ ನಿಂತು, ಆ ಮಾತು ಹೇಳಿದ್ರು. ಹುಡುಗಿ ಚಾಚಿದ್ದ ಕೈ ಹಿಂದಕ್ಕೆ ತಗೊಂಡ್ಳು. ಆ ಬೆರಳು ಇನ್ನೂ ಕಣ್ಮುಂದೆಯೇ ಇದೆ.

ಯಾವ ನಿಯಮದ ಪ್ರಕಾರ ಐದು? ಕೇಳಿದ್ದಕ್ಕೆ ಬಂದ ಉತ್ತರ: "ಕಂಪ್ಯೂಟರ್ ಹಾಗೆ ಕೊಟ್ಟಿದೆ."

ಕಂಪ್ಯೂಟರ್ ಏನೂ ಕೊಟ್ಟಿಲ್ಲ. ಸ್ಪ್ರೆಡ್‌ಶೀಟ್ ತೆರೆದು ನೋಡಿದ್ರೆ ಒಟ್ಟು ಅಂಕ H ಕಾಲಂನಲ್ಲಿ, ರ‍್ಯಾಂಕ್ ಕಾಲಂನಲ್ಲಿ ಕೂತಿದ್ದು ಇದು:

```
=RANK.EQ(H2,$H$2:$H$41)+COUNTIF($H$2:H2,H2)-1
```

ಮೊದಲ ಭಾಗದಲ್ಲಿ ತಪ್ಪೇ ಇಲ್ಲ. `RANK.EQ` ಒಂದನ್ನೇ ಬಿಟ್ಟಿದ್ರೆ 571ಕ್ಕೆ 1, 560ಕ್ಕೆ 2, ಮೂರು 548ಕ್ಕೂ 3, ಆಮೇಲಿನ 541ಕ್ಕೆ 6 ಬರ್ತಿತ್ತು. ಎರಡು ಸ್ಥಾನ ಖಾಲಿ ಬಿಟ್ಟು 6 ಬರೋದು ದೋಷವಲ್ಲ, ಅವನಿಗಿಂತ ಹೆಚ್ಚು ಅಂಕದವರು ಐವರು ಇದ್ದಾರೆ ಅಂತ ಅರ್ಥ. ಯಾರಿಗೋ 4, 5 ಕಾಣ್ತಿಲ್ಲ ಅಂತ ಕಸಿವಿಸಿಯಾಗಿದೆ. ಎಲ್ಲಿಂದಲೋ ತಂದು ಹಿಂದಿನ ಬಾಲ ಅಂಟಿಸಿದ್ದಾರೆ. ಆ `COUNTIF` ಎಣಿಸೋದು ಒಂದನ್ನೇ: ಇದೇ ಅಂಕ ಈ ಸಾಲಿನವರೆಗೆ ಎಷ್ಟು ಸಲ ಬಂದಿದೆ ಅಂತ. ಮೇಲಿನ ಸಾಲಿನವನು ಗೆದ್ದ, ಕೆಳಗಿನವಳು ಸೋತಳು. ಸಾಲುಗಳು ಯಾವ ಕ್ರಮದಲ್ಲಿವೆ? ರೋಲ್ ನಂಬರ್. ರೋಲ್ ನಂಬರ್ ಯಾವ ಕ್ರಮದಲ್ಲಿ? ಹೆಸರಿನ ಅಕ್ಷರ. 4ನೇ ನಂಬರ್ ಮೂರನೇ ಸ್ಥಾನ, 17 ನಾಲ್ಕನೇ, 38 ಐದನೇ. ಅವಳ ಹೆಸರು ಬದಲಾಗೋವರೆಗೂ ಪ್ರತಿ ಪರೀಕ್ಷೆಯಲ್ಲೂ ಮೇಲಿನ ಸಾಲಿನವರ ಜೊತೆ ಸಮ ಅಂಕ ಬಂದಾಗಲೆಲ್ಲ ಸೋಲೋದು ಅವಳೇ. ಚೀಟಿ ಎತ್ತಿದ್ರೂ ಇದಕ್ಕಿಂತ ನ್ಯಾಯ ಇರ್ತಿತ್ತು!

ಬಿಡಿ, ಒಂದು ಕಪ್‌ಗೆ ಯಾಕಿಷ್ಟು ರಂಪ. ಡಾಲರ್ ಚಿಹ್ನೆ ಎಲ್ಲಿದೆ ಎಲ್ಲಿಲ್ಲ ಅಂತ ನೋಡಿ ಬಿಪಿ ಏರಿಸಿಕೊಳ್ಳೋ ಜನ ಎಷ್ಟಿದ್ದಾರು, ನನ್ನಂಥವರನ್ನ ಬಿಟ್ಟು.

ಇಲ್ಲ, ಬಿಡೋಕಾಗಲ್ಲ. ಒಬ್ಬರಿಗೇ ಕೊಡಬೇಕು ಅಂತಿದ್ರೆ ಅಂಕದ ಮೇಲೆಯೇ ನಿರ್ಧರಿಸಿ. ಗಣಿತ E ಕಾಲಂನಲ್ಲಿದೆ, ವಿಜ್ಞಾನ F. ಮೊದಲು ಗಣಿತ, ಅದೂ ಸಮ ಆದ್ರೆ ವಿಜ್ಞಾನ ಅಂತ ನಿಯಮವಿದ್ರೆ ಹೀಗೆ:

```
=RANK.EQ(H2,$H$2:$H$41)
+COUNTIFS($H$2:$H$41,H2,$E$2:$E$41,">"&E2)
+COUNTIFS($H$2:$H$41,H2,$E$2:$E$41,E2,$F$2:$F$41,">"&F2)
```

ಒಟ್ಟು ಅಂಕ ಸಮ ಇದ್ದೂ ಗಣಿತದಲ್ಲಿ ನಿಮಗಿಂತ ಮುಂದಿರೋರು ಎಷ್ಟು ಜನವೋ ಅಷ್ಟು ಸ್ಥಾನ ಕೆಳಗೆ. ಗಣಿತವೂ ಸಮ ಆದವರಲ್ಲಿ ವಿಜ್ಞಾನದಲ್ಲಿ ಮುಂದಿರೋರು ಎಷ್ಟೋ ಅಷ್ಟು ಇನ್ನೂ ಕೆಳಗೆ. ಅದೂ ಸಮ ಆದ್ರೆ ಇಬ್ಬರಿಗೂ ಒಂದೇ ರ‍್ಯಾಂಕ್, ಅಲ್ಲಿಗೆ ನಿಲ್ಲಿಸಿ. ಸಾಲುಗಳನ್ನ ಹೇಗೆ ಕಲಸಿದ್ರೂ ಉತ್ತರ ಬದಲಾಗಲ್ಲ. ನಿಮ್ಮ ಪಟ್ಟಿ ಸರಿಯಿದೆಯಾ ಅಂತ ಪರೀಕ್ಷಿಸೋದೂ ಹಾಗೇ: ಹೆಸರುಗಳನ್ನ ಹಿಂದುಮುಂದಾಗಿ ಸಾರ್ಟ್ ಮಾಡಿ. ಯಾರದಾದ್ರೂ ರ‍್ಯಾಂಕ್ ಬದಲಾದ್ರೆ ಆ ಪಟ್ಟಿ ಸುಳ್ಳು.

ಈಗ ಈ ಮೂವರನ್ನೇ ನೋಡಿ. ಗಣಿತದಲ್ಲಿ 4ನೇ ನಂಬರ್‌ಗೂ 38ಕ್ಕೂ 98, 17ಕ್ಕೆ 91. ವಿಜ್ಞಾನದಲ್ಲಿ 4ಕ್ಕೆ 90, 38ಕ್ಕೆ 94. ಅಂದ್ರೆ ಕೆಳಗಿಳಿಸಿ ಕಳಿಸಿದ್ರಲ್ಲ, ಅವಳೇ ಮೂರನೆಯವಳು! ಆದ್ರೆ ಭಾಷೆಯ ಅಂಕ ಮೊದಲು ನೋಡಿದ್ರೆ 17ನೇ ನಂಬರ್ ಗೆಲ್ತಾನೆ, ಅವನಿಗೆ 97, ಇವಳಿಗೆ 85. ಅಂಕ ನೋಡಿದ ಮೇಲೆ ನಿಯಮ ಆರಿಸೋರು ನಿಯಮ ಆರಿಸ್ತಿಲ್ಲ, ಮಗುವನ್ನ ಆರಿಸ್ತಿದ್ದಾರೆ. ಅದಕ್ಕೇ ಪರೀಕ್ಷೆಗೆ ಮುಂಚೆ ನೋಟಿಸ್ ಬೋರ್ಡ್‌ಗೆ ಹಾಕಬೇಕು ಅನ್ನೋದು. ಗಣಿತ ಮೊದಲು ಅಂದ್ರೆ ಗಣಿತದವರಿಗೆ ಲಾಭ, ನಿಜ. ಪೂರ್ತಿ ನಿಷ್ಪಕ್ಷಪಾತ ನಿಯಮ ಇಲ್ಲ ಅಂತ ನನಗೂ ಗೊತ್ತು. ಅದಕ್ಕೆ ಮೂರು ಕಪ್ ತರಿಸೋದೇ ವಾಸಿ.

"ಈಗ ಬದಲಾಯಿಸಿದ್ರೆ ಕಪ್ ತಗೊಂಡ ಹುಡುಗನಿಗೆ ಬೇಜಾರಾಗುತ್ತೆ" ಅಂತಾರೆ. ಅವನ ಕಪ್ ಯಾರು ಕೇಳಿದ್ರು? ಅವನೂ ಮೂರನೆಯವನೇ, ಇಟ್ಕೊಳ್ಳಲಿ. ಬರೆದಿಟ್ಟ ನಿಯಮ ಇಲ್ಲದಿದ್ದಾಗ ಮೂವರದ್ದೂ 3, ಅಷ್ಟೇ. ನಿಯಮ ಇದ್ರೆ ತೋರಿಸಿ. ಯಾವ ತಾರೀಖಿನದ್ದು, ಯಾರ ಸಹಿ? ಯಾರಾದ್ರೂ ಒಬ್ಬರು ಉತ್ತರ ಕೊಡಿ, ಕಂಪ್ಯೂಟರ್ ಬಿಟ್ಟು.