ಖಾತೆ ನಂಬರ್ ಮುಚ್ಚಿದರೆ ಸಾಲದು, ವಿವರದ ಕಾಲಂ ನೋಡಿ

"ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ, ಎಲ್ಲಿ ಹೋಗ್ತಿದೆ ನೋಡಿ ಹೇಳಿ" ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸುವವರು ಈಗ ಜಾಸ್ತಿಯಾಗಿದ್ದಾರೆ. ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನಗೆ ಇಂಥ ಪಿಡಿಎಫ್‌ಗಳು ಬರುತ್ತಲೇ ಇರುತ್ತವೆ. ಕೆಲವರು ಇಡೀ ನೆಂಟರ ವಾಟ್ಸಾಪ್ ಗ್ರೂಪಿಗೇ ಹಾಕಿಬಿಡುತ್ತಾರೆ. ಸಲಹೆ ಕೇಳುವುದು ಒಳ್ಳೆಯದೇ. ಆದರೆ ಮುಚ್ಚಬೇಕಾದದ್ದನ್ನು ತೆರೆದಿಟ್ಟು, ತೆರೆದಿಡಬೇಕಾದದ್ದನ್ನು ಮುಚ್ಚಿ ಕಳಿಸುತ್ತಾರೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಮುಚ್ಚುವುದು ಖಾತೆ ನಂಬರ್. ಮುಚ್ಚಿ, ತಪ್ಪಿಲ್ಲ. ಆದರೆ ಅದು ನಾವು ಕೊಡುವ ಪ್ರತಿ ಚೆಕ್ ಮೇಲೂ ಐಎಫ್‌ಎಸ್‌ಸಿ ಕೋಡ್ ಜೊತೆಗೇ ಅಚ್ಚಾಗಿರುತ್ತದೆ. ನಂಬರ್ ಒಂದೇ ಸಿಕ್ಕಿದರೆ ಯಾರಿಗೂ ದುಡ್ಡು ತೆಗೆಯಲು ಆಗುವುದಿಲ್ಲ. ಮೇಲ್ಭಾಗದಲ್ಲಿರುವ ಹೆಸರು, ವಿಳಾಸ, ಗ್ರಾಹಕ ಸಂಖ್ಯೆ, ಮೊಬೈಲ್, ಇಮೇಲ್, ಕೆಲವು ಬ್ಯಾಂಕ್‌ಗಳು ಹಾಕುವ ಪ್ಯಾನ್ ಮತ್ತು ನಾಮಿನಿ ಹೆಸರು, ಇಷ್ಟನ್ನೂ ಒಟ್ಟಿಗೇ ಕತ್ತರಿಸಿ ಹಾಕಿ. ಬಜೆಟ್ ನೋಡುವವರಿಗೆ ಅದರಲ್ಲಿ ಒಂದಕ್ಷರವೂ ಬೇಡ.

ನಿಜವಾದ ತೊಂದರೆ ಇರುವುದು ಅದರ ಕೆಳಗೆ, ವಹಿವಾಟಿನ ವಿವರ ಬರೆದಿರುವ ಕಾಲಂನಲ್ಲಿ. ಅಲ್ಲಿನ ಒಂದು ಸಾಲು ಸುಮಾರು ಹೀಗಿರುತ್ತದೆ:

```
UPI/DR/412345678901/NAME/SBIN/98XXXXXX10@ybl/chit may
```

ಇದನ್ನು ಬಿಡಿಸಿ ನೋಡಿ. DR ಅಂದರೆ ನಿಮ್ಮ ಖಾತೆಯಿಂದ ಹೋದ ಹಣ. ಆಮೇಲೆ ಬರುವ 12 ಅಂಕಿ ಆ ವಹಿವಾಟಿನ ಗುರುತಿನ ಸಂಖ್ಯೆ. ನಂತರ ದುಡ್ಡು ಪಡೆದವರ ಹೆಸರು, ಅವರ ಬ್ಯಾಂಕ್, ಅವರ ಯುಪಿಐ ಐಡಿ. ಎಷ್ಟೋ ಜನರ ಐಡಿಯಲ್ಲಿ ಮೊಬೈಲ್ ನಂಬರೇ ಇರುತ್ತದೆ. ಕೊನೆಯಲ್ಲಿ ನೀವೇ ಬರೆದ ಟಿಪ್ಪಣಿ. ಅಂದರೆ ನಿಮ್ಮ ಚೀಟಿ ನಡೆಸುವವರ ಹೆಸರು, ನಂಬರ್ ಎರಡೂ ಗ್ರೂಪಿನಲ್ಲಿ ಬಿದ್ದ ಹಾಗೆ. ನಿಮ್ಮ ಖಾತೆ ತೋರಿಸಲು ನಿಮಗೆ ಹಕ್ಕಿದೆ. ಆದರೆ ಹಾಲಿನವರು, ಮನೆ ಮಾಲೀಕರು, ನಿಮ್ಮ ತಾಯಿ, ಇವರನ್ನೆಲ್ಲ ಯಾರೂ ಕೇಳಿಲ್ಲ ಅಲ್ವಾ?

ಉಳಿದ ಸಾಲುಗಳೂ ಹಾಗೇ. ಎಟಿಎಂನಿಂದ ತೆಗೆದ ಸಾಲಿನಲ್ಲಿ ಐ.ಜಿ. ರಸ್ತೆಯೋ ಎಂ.ಜಿ. ರಸ್ತೆಯೋ ಎಂದು ಜಾಗ ಇರಬಹುದು. ಸಂಬಳದ ಸಾಲಿನಲ್ಲಿ ಕೆಲಸ ಕೊಟ್ಟವರ ಹೆಸರು. ಇಎಂಐ ಸಾಲಿನಲ್ಲಿ ಸಾಲದ ಖಾತೆ ಸಂಖ್ಯೆ. ವಿಮೆ ಕಂತಿನಲ್ಲಿ ಪಾಲಿಸಿ ಸಂಖ್ಯೆ. ಕರೆಂಟ್ ಬಿಲ್ ಕಟ್ಟಿದ ಸಾಲಿನಲ್ಲಿ ಮೆಸ್ಕಾಂ ಗ್ರಾಹಕ ಸಂಖ್ಯೆ ಇದ್ದರೆ, ಅದನ್ನು ಯಾವುದೇ ಪೇಮೆಂಟ್ ಆ್ಯಪ್‌ನಲ್ಲಿ ಹಾಕಿ ಬಿಲ್ ತೆಗೆದು ನೋಡಬಹುದು. ಆಸ್ಪತ್ರೆ, ಲ್ಯಾಬ್, ಔಷಧಿ ಅಂಗಡಿಯ ಸಾಲುಗಳು ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳಿಬಿಡುತ್ತವೆ.

ಮೋಸ ಮಾಡುವವರಿಗೆ ಬೇಕಾದದ್ದು ಇದೇ. "ಮೇಡಂ, 12ನೇ ತಾರೀಕು ನಿಮ್ಮ ಖಾತೆಯಿಂದ 4,300 ಹೋಗಿದೆ, ಬೈಕ್ ಸಾಲದ್ದು, ಅದರಲ್ಲಿ 500 ವಾಪಸ್ ಬರಬೇಕು" ಎಂದು ಯಾರಾದರೂ ಫೋನ್ ಮಾಡಿದರೆ ನಂಬದೆ ಇರುವುದು ಕಷ್ಟ. ಬ್ಯಾಂಕಿನವರಿಗೆ ಮಾತ್ರ ಗೊತ್ತಿರಬೇಕಾದದ್ದು ಅವರಿಗೂ ಗೊತ್ತಿರುತ್ತದೆ. ಒಟಿಪಿ ಕೇಳುವುದು ಆಮೇಲೆ. ದುಡ್ಡು ಹೋಗೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಇನ್ನು ತುಂಬ ಜನರ ಗಮನಕ್ಕೆ ಬಾರದ ಕಾಲಂ ಒಂದಿದೆ. ಅದು ಬ್ಯಾಲೆನ್ಸ್. ಸಂಬಳ ಎಷ್ಟು ಅಂತ ತೋರಿಸುವುದು ಬೇಡ ಎಂದು ಆ ಒಂದು ಮೊತ್ತಕ್ಕೆ ಕಪ್ಪು ಬಳಿಯುತ್ತಾರೆ. ಆದರೆ ಮೇಲಿನ ಸಾಲಿನಲ್ಲಿ ಬ್ಯಾಲೆನ್ಸ್ 2,140 ಇದೆ, ಸಂಬಳದ ಸಾಲಿನಲ್ಲಿ 36,140 ಇದೆ. ಕಳೆದರೆ 34,000. ಮುಚ್ಚಿದ್ದು ಏನು ಉಪಯೋಗಕ್ಕೆ ಬಂತು? ಯಾವುದೇ ಮೊತ್ತ ಮುಚ್ಚುವುದಿದ್ದರೆ ಬ್ಯಾಲೆನ್ಸ್ ಕಾಲಂ ಪೂರ್ತಿ ತೆಗೆಯಲೇಬೇಕು. ಬ್ಯಾಲೆನ್ಸ್ ಏರಿಳಿತ ನೋಡಬೇಕು ಅನ್ನಿಸಿದರೆ, ಮೊದಲ ದಿನದ್ದನ್ನು ಸೊನ್ನೆ ಎಂದು ಇಟ್ಟುಕೊಂಡು ಅಲ್ಲಿಂದ ಕೂಡಿ ಕಳೆದು ಬರೆದರೆ ಸಾಕು. ಯಾವ ದಿನ ಖಾತೆ ತಳ ಮುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ. ನಿಮ್ಮ ಹತ್ತಿರ ಒಟ್ಟು ಎಷ್ಟಿದೆ ಎಂಬುದು ಗೊತ್ತಾಗುವುದಿಲ್ಲ.

ಮುಚ್ಚುವ ರೀತಿಯೂ ಮುಖ್ಯ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಅಕ್ಷರ ಅಳಿದಿರುವುದಿಲ್ಲ. ಚೌಕದ ಮೇಲೆ ಬೆರಳೊತ್ತಿ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಎಷ್ಟೋ ಸಲ ಎಲ್ಲವೂ ಹೊರಗೆ ಬರುತ್ತದೆ. ಕಳಿಸುವ ಮೊದಲು ನೀವೇ ಹಾಗೆ ಮಾಡಿ ನೋಡಿ. ಫೋನಿನ ಗ್ಯಾಲರಿಯಲ್ಲಿ ಮಾರ್ಕರ್‌ನಿಂದ ಗೀಚಿದರೂ ಅಷ್ಟೇ, ಕೆಲವು ಮಾರ್ಕರ್‌ಗಳ ಬಣ್ಣ ತೆಳು. ಚಿತ್ರದ ಬೆಳಕು ಹೆಚ್ಚಿಸಿದರೆ ಅಂಕಿ ಕಾಣುತ್ತದೆ. ಎಕ್ಸೆಲ್‌ನಲ್ಲಿ ಕಾಲಂ ಅಡಗಿಸಿ ಕಳಿಸುವವರೂ ಇದ್ದಾರೆ. ಅಡಗಿಸಿದ್ದನ್ನು ಪಡೆದವರು ಒಂದು ಒತ್ತಿನಲ್ಲಿ ತೆರೆಯಬಹುದು. ಅದನ್ನು ಪೂರ್ತಿ ಅಳಿಸಬೇಕು. ಪಿಡಿಎಫ್ ಪಾಸ್‌ವರ್ಡ್ ಕೂಡ ಜೊತೆಗೆ ಕಳಿಸಬೇಡಿ. ಎಷ್ಟೋ ಬ್ಯಾಂಕ್‌ಗಳ ಪಾಸ್‌ವರ್ಡ್‌ನಲ್ಲಿ ನಿಮ್ಮ ಹುಟ್ಟಿದ ತಾರೀಕೇ ಸೇರಿರುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಮೂಲ ಸ್ಟೇಟ್‌ಮೆಂಟ್ ಕಳಿಸುವುದೇ ಬೇಡ. ಒಂದು ಹಾಳೆಯಲ್ಲೋ ಶೀಟ್‌ನಲ್ಲೋ ನಾಲ್ಕೇ ಕಾಲಂ ಮಾಡಿ: ತಾರೀಕು, ಬಂದದ್ದೋ ಹೋದದ್ದೋ, ಮೊತ್ತ, ಯಾವುದಕ್ಕೆ. ಹೆಸರಿನ ಜಾಗದಲ್ಲಿ "ಕಿರಾಣಿ 1", "ಕಿರಾಣಿ 2", "ವ್ಯಕ್ತಿ 1" ಎಂದು ಬರೆಯಿರಿ. ಒಂದೇ ಅಂಗಡಿಗೆ ಕೊನೆಯವರೆಗೂ ಒಂದೇ ಗುರುತು ಇರಲಿ. ಆಗ ಅಂಗಡಿ ಯಾವುದು ಎಂದು ತಿಳಿಯದಿದ್ದರೂ ಅಲ್ಲಿಗೆ ಎಷ್ಟು ಸಲ ಹೋಗಿದ್ದೀರಿ, ಎಷ್ಟು ಖರ್ಚಾಗಿದೆ ಎಂಬುದು ಸಿಗುತ್ತದೆ. ಎಲ್ಲವನ್ನೂ ಸುಮ್ನೆ ಕಪ್ಪು ಮಾಡಿದರೆ ಅದೂ ಹೋಗುತ್ತದೆ.

ಇಷ್ಟರಲ್ಲಿ ಏನು ಗೊತ್ತಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪಕ್ಕದ ಮನೆಯ ಹುಡುಗಿಯದು. ಅವಳ ಒಪ್ಪಿಗೆ ಪಡೆದು, ಅಂಕಿಗಳನ್ನು ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಖಾಸಗಿ ಕೆಲಸ, ಸಂಬಳ 34,000. "ಅಕ್ಕ, ನಾನು ಹೊರಗೆ ತಿನ್ನೋದು ಜಾಸ್ತಿ ಆಯ್ತು ಅನ್ಸುತ್ತೆ, ಅದನ್ನ ಹೇಗೆ ಕಮ್ಮಿ ಮಾಡ್ಲಿ ಹೇಳಿ" ಎಂದಳು. ಏಪ್ರಿಲ್, ಮೇ, ಜೂನ್, ಮೂರು ತಿಂಗಳದ್ದನ್ನು ಇದೇ ನಾಲ್ಕು ಕಾಲಂನಲ್ಲಿ ಬರೆಸಿಕೊಂಡೆ.

ಒಂದು ತಿಂಗಳ ಸರಾಸರಿ ಹೀಗಿತ್ತು. ಬಾಡಿಗೆ 7,500. ಬೈಕ್ ಇಎಂಐ 3,800. ಚೀಟಿ 5,000. ಊರಲ್ಲಿರುವ ಅಮ್ಮನಿಗೆ 4,000. ಎಟಿಎಂನಿಂದ ತೆಗೆದದ್ದು 6,000. ಪೆಟ್ರೋಲ್ 1,800. ಕರೆಂಟ್, ಮೊಬೈಲ್ ಸೇರಿ 1,100. ಕಿರಾಣಿ, ತಿಂಡಿ, ಕಾಫಿ ಎಲ್ಲ ಸೇರಿದ ಸಣ್ಣ ಯುಪಿಐ ಪಾವತಿಗಳು 5,400. ಒಟ್ಟು 34,600. ಸಂಬಳಕ್ಕಿಂತ 600 ಜಾಸ್ತಿ, ಅಷ್ಟೇ.

ಮೇ ಮತ್ತು ಜೂನ್ ತಿಂಗಳಲ್ಲಿ ಇದಕ್ಕೆ ಸೇರದ ಎರಡು ಮೊತ್ತ ಕಂಡವು. ಒಂದು, ಬ್ಯಾಂಕ್ ಕಡಿದುಕೊಂಡ 590. ಅಂದರೆ 500 ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ 90. ಇನ್ನೊಂದು, 3,800 ಹೋಗಬೇಕಾದ ಇಎಂಐ ಜಾಗದಲ್ಲಿ ಅವಳೇ ಕಟ್ಟಿದ 4,300. ಇಎಂಐ ಪ್ರತಿ ತಿಂಗಳು 5ಕ್ಕೆ ಕಡಿತವಾಗಬೇಕು. ಏಪ್ರಿಲ್‌ನಲ್ಲಿ ಸಂಬಳ 3ಕ್ಕೆ ಬಂದಿತ್ತು, ತೊಂದರೆ ಆಗಲಿಲ್ಲ. ಮೇ ತಿಂಗಳಲ್ಲಿ 7ಕ್ಕೆ, ಜೂನ್‌ನಲ್ಲಿ 6ಕ್ಕೆ ಬಂತು. 5ನೇ ತಾರೀಕು ಖಾತೆಯಲ್ಲಿ ದುಡ್ಡಿರಲಿಲ್ಲ, ಇಎಂಐ ವಾಪಸಾಯಿತು. ಎರಡೂ ತಿಂಗಳು ಬ್ಯಾಂಕಿಗೆ 590, ಸಾಲ ಕೊಟ್ಟವರಿಗೆ 500, ತಿಂಗಳಿಗೆ ಒಟ್ಟು 1,090 ದಂಡ. ತಿಂಗಳ ಕೊರತೆ 600, ದಂಡ ಅದರ ಹತ್ತಿರ ಹತ್ತಿರ ಎರಡರಷ್ಟು. ಅವಳ ತಿಂಡಿಯ ಖರ್ಚು ಇಲ್ಲಿ ದೊಡ್ಡ ವಿಷಯವೇ ಅಲ್ಲ.

ಇದನ್ನು ಕಂಡುಹಿಡಿಯಲು ಅವಳ ಬ್ಯಾಂಕ್ ಯಾವುದು, ಸಾಲ ಯಾರದ್ದು, ಕೆಲಸ ಎಲ್ಲಿ ಎಂದು ನನಗೆ ಬೇಕಾಗಲಿಲ್ಲ. ಬೇಕಾಗಿದ್ದು ತಾರೀಕು. ಅದಕ್ಕೇ ಹೇಳುವುದು, ತಾರೀಕು ಮುಚ್ಚಬೇಡಿ. ಮೊತ್ತವನ್ನು ಸಣ್ಣ ಪಾವತಿಗಳಲ್ಲಿ ಹತ್ತಕ್ಕೋ ಐವತ್ತಕ್ಕೋ ಸರಿಹೊಂದಿಸಿ ಬರೆದರೆ ನಡೆಯುತ್ತದೆ. ಆದರೆ ಇಎಂಐ, ಬಡ್ಡಿ, ಬ್ಯಾಂಕ್ ಶುಲ್ಕಗಳನ್ನು ಇದ್ದ ಹಾಗೇ ಬಿಡಿ. 590 ಎಂಬ ಅಂಕಿ ನೋಡಿದ ಕೂಡಲೇ ಅದು ದಂಡ ಇರಬೇಕು ಎಂದು ಹೊಳೆಯುತ್ತದೆ. 600 ಎಂದು ಬರೆದಿದ್ದರೆ ಅದೊಂದು ಯಾವುದೋ ಖರ್ಚು ಎಂದು ದಾಟಿ ಹೋಗುತ್ತಿದ್ದೆ.

ಅವಳು ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದಳು. ಮೇ ಕೊನೆಯಲ್ಲಿ 5,000 ಜಮಾ ಆಗಿತ್ತು. ಅದರ ಮುಂದೆ "ನನ್ನದೇ ಇನ್ನೊಂದು ಖಾತೆ" ಎಂದು ಬರೆದಿದ್ದಳು. "ವ್ಯಕ್ತಿ 2" ಎಂದು ಬರೆದಿದ್ದರೆ ಅದು ಆದಾಯಕ್ಕೆ ಸೇರಿಕೊಂಡು ಲೆಕ್ಕವೇ ಸರಿ ಇದೆ ಅನ್ನಿಸುತ್ತಿತ್ತು. ನಿಮ್ಮದೇ ಖಾತೆಗಳ ನಡುವೆ ಓಡಾಡಿದ ಹಣ, ಕೈಸಾಲ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ್ದು, ಈ ಮೂರನ್ನು ಮಾತ್ರ ತಪ್ಪದೆ ಗುರುತು ಮಾಡಿ.

ಸಾಲ ಕೊಟ್ಟವರನ್ನು ಕೇಳಿ ಇಎಂಐ ತಾರೀಕು 10ಕ್ಕೆ ಹಾಕಿಸಿಕೋ, ಆಗದಿದ್ದರೆ ಚೀಟಿ ದುಡ್ಡನ್ನು ತಿಂಗಳ ಕೊನೆಯ ಬದಲು ಸಂಬಳ ಬಂದ ಮೇಲೆ ಕೊಡುತ್ತೇನೆ ಎಂದು ಕೇಳು, ಎಂದು ಹೇಳಿದೆ. ಚೀಟಿಯವರು ಒಪ್ಪಿದರು. ಉಳಿದ 600ರ ಬಗ್ಗೆ ಮಾತ್ರ ನಾನು ಏನೂ ಹೇಳಲಾಗಲಿಲ್ಲ. ಎಟಿಎಂನಿಂದ ತೆಗೆದ 6,000 ಎಲ್ಲಿ ಹೋಗುತ್ತದೆ ಎಂಬುದು ಮುಚ್ಚಿದ ಸ್ಟೇಟ್‌ಮೆಂಟ್‌ನಲ್ಲೂ ಇಲ್ಲ, ತೆರೆದದ್ದರಲ್ಲೂ ಇಲ್ಲ. ಅದನ್ನು ಅವಳೇ ಬರೆದಿಡಬೇಕು.

ತೋಟದ ಆದಾಯ ನಂಬಿದವರಿಗೆ ಮೂರು ತಿಂಗಳು ಸಾಲದು. ಕಾಫಿ ದುಡ್ಡು ಕೊಯ್ಲಿನ ನಂತರ ಒಟ್ಟಿಗೆ ಬರುತ್ತದೆ, ಗೊಬ್ಬರ ಮತ್ತು ಕೂಲಿಯ ಖರ್ಚು ಬೇರೆ ತಿಂಗಳುಗಳಲ್ಲಿ ಬೀಳುತ್ತದೆ, ಜೂನ್‌ನಲ್ಲಿ ಶಾಲೆ ಫೀಸು. ಫೆಬ್ರುವರಿ ನೋಡಿದರೆ ಶ್ರೀಮಂತರು, ಆಗಸ್ಟ್ ನೋಡಿದರೆ ಸಾಲಗಾರರು. ಅವರು ಪ್ರತಿ ಸಾಲು ಬರೆಯುವ ಬದಲು ಹನ್ನೆರಡು ತಿಂಗಳ ಒಟ್ಟು ಮೊತ್ತಗಳನ್ನಷ್ಟೇ ಬಾಬ್ತುವಾರು ಬರೆದು ಕೊಡಲಿ. ಆದಾಯವನ್ನು ಹೇಳಲು ಇಷ್ಟವಿಲ್ಲದಿದ್ದರೆ ವರ್ಷದ ಆದಾಯ 100 ಎಂದು ಇಟ್ಟು ಉಳಿದದ್ದನ್ನು ಅದರ ಪಾಲಾಗಿ ಬರೆಯಬಹುದು. ಸಾಲದ ಕಂತಿಗೆ ಎಷ್ಟು ಪಾಲು ಹೋಗುತ್ತದೆ ಎಂಬುದು ಅಷ್ಟರಲ್ಲೇ ಕಾಣುತ್ತದೆ.

ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವಾಗ ಕೊಡುವ ಸ್ಟೇಟ್‌ಮೆಂಟ್ ಬೇರೆ ವಿಷಯ, ಅದನ್ನು ಮುಚ್ಚಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಹಾಗೆಯೇ ಯಾವುದೋ ಪಾವತಿ ತಪ್ಪಾಗಿ ಹೋಗಿದೆ ಎಂದಾದರೆ ಆ 12 ಅಂಕಿಯ ಸಂಖ್ಯೆ ಬ್ಯಾಂಕಿಗೆ, ಪಾವತಿ ಮಾಡಿದ ಆ್ಯಪ್‌ನ ದೂರು ವಿಭಾಗಕ್ಕೆ ಬೇಕು. ಗ್ರೂಪಿಗೆ ಬೇಡ.

ಈಗಾಗಲೇ ಗ್ರೂಪಿಗೆ ಹಾಕಿದ್ದರೆ ಇವತ್ತೇ ಅಳಿಸಿ. ಎಲ್ಲರಿಗೂ ಅಳಿಸುವ ಅವಕಾಶ ವಾಟ್ಸಾಪ್‌ನಲ್ಲಿ ಸ್ವಲ್ಪ ದಿನ ಮಾತ್ರ ಇರುತ್ತದೆ. ಅಷ್ಟರೊಳಗೆ ಯಾರಾದರೂ ಇಳಿಸಿಕೊಂಡಿದ್ದರೆ ಅವರ ಫೋನಿನಲ್ಲಿ ಫೈಲ್ ಉಳಿದಿರಬಹುದು. ಅವರಿಗೆ ಫೋನ್ ಮಾಡಿ ಅಳಿಸಲು ಹೇಳಿ.