ಶಿಲ್ಪದ ಮುಖವನ್ನು ಫೋಟೋದಂತೆ ಬರೆಯಬಹುದೇ?

ಪರ: ಊಹೆ ಎಲ್ಲಿ ಶುರುವಾಗುತ್ತದೆಂದು ಗೊತ್ತಿದ್ದರೆ ಬರೆಯಬಹುದು

ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನನ್ನು ತೆಗೆದುಕೊಳ್ಳಿ. ಕ್ರಿ.ಶ. 145ರಲ್ಲಿ ಈಗಿನ ಲಿಬಿಯಾದಲ್ಲಿ ಹುಟ್ಟಿ 211ರಲ್ಲಿ ತೀರಿಕೊಂಡವನು. ಅವನ ಅಮೃತಶಿಲೆಯ ತಲೆಗಳು ಹಲವು ಉಳಿದಿವೆ. ಸುಮಾರು 200ರ ಹೊತ್ತಿಗೆ ಈಜಿಪ್ಟಿನಲ್ಲಿ ಮರದ ಹಲಗೆಯ ಮೇಲೆ ಬರೆದ ಕುಟುಂಬದ ಚಿತ್ರವೂ ಬರ್ಲಿನ್‌ನಲ್ಲಿದೆ. ಕಲ್ಲಿನಿಂದ ಆಕಾರ, ಹಲಗೆಯಿಂದ ಬಣ್ಣ: ಎರಡೂ ಸಿಗುವ ಮುಖಗಳು ಕಡಿಮೆ.

ಮೊದಲು ಕನಿಷ್ಠ ಮೂರು ತಲೆಗಳ ಫೋಟೋ ಬೇಕು, ಒಂದೇ ಕೋನದವು. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದದ್ದು ಬೇಡ, ಅದರಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿದಿರುತ್ತದೆ. ಎರಡು ಮೀಟರಿಗಿಂತ ದೂರ ನಿಂತು ತೆಗೆದದ್ದಾದರೆ ನಂಬಬಹುದು. ಮೂರನ್ನೂ ಕಂಪ್ಯೂಟರಿನಲ್ಲಿ ಅರೆಪಾರದರ್ಶಕ ಲೇಯರ್‌ಗಳಾಗಿ ಮಾಡಿ, ಕಣ್ಣಿನ ಒಳಮೂಲೆಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸಿ. ಹುಬ್ಬಿನ ಎಲುಬು, ಕೆನ್ನೆಯ ಎತ್ತರ, ಮೂಗಿನ ಬುಡದ ಅಗಲ ಮೂರರಲ್ಲೂ ಒಂದೇ ಕಡೆ ಬಂದರೆ ಅವನ್ನು ಉಳಿಸಿ. ಬೇರೆಬೇರೆಯಾದದ್ದು ಊಹೆಯ ಪಾಲಿಗೆ. ಮೂಗಿನ ತುದಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಮುರಿದ ಮೂಗಿಗೆ ನೂರಾರು ವರ್ಷಗಳ ನಂತರ ಹೊಸ ಮೂಗು ಅಂಟಿಸಿದ ತಲೆಗಳು ಬೇಕಾದಷ್ಟಿವೆ. ಅಂಟಿನ ಗೆರೆ ಹುಡುಕಿ ನೋಡಿ. ಗದ್ದವಂತೂ ಗಡ್ಡದೊಳಗಿದೆ, ಅದು ಪೂರ್ತಿ ಊಹೆಯೇ.

ಹಣೆಯ ಮೇಲೆ ಇಳಿಬಿದ್ದ ನಾಲ್ಕು ಸುರುಳಿಗಳನ್ನು ಬಿಡಬೇಕು. ಅವು ಸೆರಾಪಿಸ್ ದೇವರ ಮೂರ್ತಿಯನ್ನು ನೆನಪಿಸಲು ಇಟ್ಟವು. ನರೆತ ಗುಂಗುರು ಕೂದಲನ್ನು ಉಳಿಸಬೇಕು: ನರೆ ಹಲಗೆಯ ಚಿತ್ರದಲ್ಲೂ ಇದೆ, ಹಳೆಯ ಲ್ಯಾಟಿನ್ ಜೀವನಚರಿತ್ರೆಯಲ್ಲೂ ಇದೆ.

ಹೆಚ್ಚಿನವರು ಸೋಲುವುದು ಚರ್ಮದಲ್ಲಿ. ಕಲ್ಲಿನ ಫೋಟೋದ ಮೇಲೆ ಕಲರ್ ಮೋಡ್‌ನಲ್ಲಿ ಕಂದು ಬಳಿದರೆ ಮೇಣದ ಗೊಂಬೆಯಾಗುತ್ತದೆ. ಕಲ್ಲಿನ ನೆರಳು ಬೂದು. ಚರ್ಮದಲ್ಲಿ ಬೆಳಕು ಮುಗಿದು ನೆರಳು ಶುರುವಾಗುವ ಅಂಚು ಕೆಂಪಾಗಿರುತ್ತದೆ. ಕಲ್ಲಿಗೆ ಎಣ್ಣೆ ಪಸೆಯ ಮಿಂಚೂ ಇಲ್ಲ. ಹಾಗಾಗಿ ಕಲ್ಲಿನಿಂದ ಆಕಾರವನ್ನಷ್ಟೇ ತೆಗೆದುಕೊಂಡು ನೆರಳನ್ನು ಹೊಸದಾಗಿ ಬರೆಯಬೇಕು. ನಮ್ಮೂರಲ್ಲಿ ಇದಕ್ಕೆ ಮಾದರಿ ಹುಡುಕುವುದು ಕಷ್ಟವಲ್ಲ. ಮಂಗಳೂರಿನ ದಕ್ಕೆಯಲ್ಲಿ ಬಿಸಿಲುಂಡ ಅರವತ್ತರ ಹಿರಿಯರನ್ನು ಕೇಳಿ, ಒಪ್ಪಿದವರ ಮುಖವನ್ನು ಬೆಳಿಗ್ಗೆ ಎಂಟರ ಓರೆಬೆಳಕಿನಲ್ಲಿ ತೆಗೆದರೆ ಮೂಗು, ಕಿವಿಗಳ ಕೆಂಪು, ಹಣೆಯ ಹಳದಿ ಛಾಯೆ ಎರಡೂ ಕಲಿಯಲು ಸಿಗುತ್ತವೆ.

ಕಣ್ಣಿಗೆ ಲೆಕ್ಕವಿದೆ. ದೊಡ್ಡವರ ಪಾಪೆಯ ಸುತ್ತಲಿನ ಬಣ್ಣದ ವೃತ್ತ ಸುಮಾರು 12 ಮಿಲಿಮೀಟರ್. ಎರಡು ಕಣ್ಣುಗಳ ನಡುಬಿಂದುಗಳ ಅಂತರ ಸುಮಾರು 63. ಅಂದರೆ ವೃತ್ತ ಆ ಅಂತರದ ಐದನೆಯ ಒಂದು ಪಾಲಿಗಿಂತ ತುಸು ಚಿಕ್ಕದು. ಶಿಲ್ಪಿ ಕೊರೆದ ವೃತ್ತವನ್ನೇ ನಕಲು ಮಾಡಿದರೆ ಕಣ್ಣು ದಿಟ್ಟಿಸಿದಂತಾಗುತ್ತದೆ. ಮೇಲಿನ ರೆಪ್ಪೆ ವೃತ್ತದ ಒಂದೆರಡು ಮಿಲಿಮೀಟರ್ ಮುಚ್ಚಲಿ, ಕಲ್ಲಿನ ದಪ್ಪ ರೆಪ್ಪೆಯಂಚು ಅರ್ಧದಷ್ಟು ತೆಳುವಾಗಲಿ.

ಇಷ್ಟು ಮಾಡಿ, ಚಿತ್ರದ ಪಕ್ಕದಲ್ಲೇ ಊಹೆಯ ಭಾಗಗಳನ್ನು ಗುರುತಿಸಿದ ಸಣ್ಣ ನಕ್ಷೆಯನ್ನು ಇಟ್ಟರೆ ನೋಡುವವರಿಗೆ ಮೋಸವಿಲ್ಲ.

ವಿರೋಧ: ಉಳಿಸಿದ್ದು ಅಂದುಕೊಂಡದ್ದೂ ಊಹೆಯೇ

ಮೂರು ತಲೆ ಹೊಂದಿಕೆಯಾದರೆ ಅದು ಮುಖ ಎಂಬ ವಾದದಲ್ಲೇ ತೊಡಕಿದೆ. ರೋಮಿನಲ್ಲಿ ಒಪ್ಪಿಗೆಯಾದ ಒಂದು ಮಾದರಿಯನ್ನು ನೋಡಿ ಸಾಮ್ರಾಜ್ಯದ ಶಿಲ್ಪಿಗಳು ನಕಲು ಕಡೆಯುತ್ತಿದ್ದರು. ಒಂದೇ ಎರಕದಲ್ಲಿ ಹೊಯ್ದ ಮೂರು ಅಚ್ಚುಬೆಲ್ಲ ಒಂದೇ ಆಕಾರದಲ್ಲಿದ್ದರೆ ಆಶ್ಚರ್ಯವೇನು? ಆ ಹೊಂದಿಕೆ ಮಾದರಿಯ ಬಗ್ಗೆ ಹೇಳುತ್ತದೆ, ಮನುಷ್ಯನ ಬಗ್ಗೆ ಅಲ್ಲ. ಸುರುಳಿಗಳು ದೇವರ ಅನುಕರಣೆಯಾದರೆ, ಹುಬ್ಬು ಎತ್ತಿದ ಆ ಗಂಭೀರ ನೋಟ ಅಲ್ಲವೆಂದು ಹೇಳುವುದು ಹೇಗೆ?

ಬಣ್ಣದ ಸಾಕ್ಷಿಯೂ ಗಟ್ಟಿಯಿಲ್ಲ. ಹಲಗೆಯಲ್ಲಿ ಸೆವೆರಸ್ ಕಪ್ಪಗಿದ್ದಾನೆ, ಪಕ್ಕದ ಹೆಂಡತಿ ಜೂಲಿಯಾ ಡೋಮ್ನಾ ಬೆಳ್ಳಗಿದ್ದಾಳೆ. ಆದರೆ ಗಂಡಸನ್ನು ಕಪ್ಪಗೆ, ಹೆಂಗಸನ್ನು ಬೆಳ್ಳಗೆ ಬರೆಯುವುದು ಆ ಕಾಲದ ಚಿತ್ರಗಳ ರೂಢಿ. ಅಲ್ಲಿಂದ ಐಡ್ರಾಪರ್‌ನಲ್ಲಿ ಬಣ್ಣ ಎತ್ತಿದರೆ ಎತ್ತಿದ್ದು ರೂಢಿಯನ್ನು.

ರೇಖಾಚಿತ್ರದಲ್ಲಿ ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಬಹುದು. ಫೋಟೋದಂಥ ಚಿತ್ರದಲ್ಲಿ ಆ ದಾರಿಯಿಲ್ಲ. ಗದ್ದಕ್ಕೂ ಒಂದು ಬಣ್ಣ, ಚರ್ಮದ ಪ್ರತಿ ರಂಧ್ರಕ್ಕೂ ಒಂದು ಜಾಗ ಕೊಡಲೇಬೇಕು. ದಕ್ಕೆಯ ಹಿರಿಯರ ಕಣ್ಣಂಚಿನ ಸುಕ್ಕು ಅವರ ಕಡಲು, ಅವರ ಬಿಸಿಲು ಕೊಟ್ಟದ್ದು. ಅದು ಚಕ್ರವರ್ತಿಯ ಮುಖಕ್ಕೆ ಹೋದ ಕೂಡಲೇ ಅವನದೇ ಎಂಬಂತೆ ಕಾಣುತ್ತದೆ. ಪಕ್ಕದ ನಕ್ಷೆಯೂ ಉಳಿಯುವುದಿಲ್ಲ: ವಾಟ್ಸ್ಆ್ಯಪ್‌ನಲ್ಲಿ ಹೋಗುವುದು ಮುಖ ಮಾತ್ರ.

ಬರೆಯಲೇಬೇಕಾದರೆ ಮುಖದ ಅರ್ಧ ಕಲ್ಲಾಗಿಯೇ ಇರಲಿ, ಇಲ್ಲವೇ ಮೂರು ಬೇರೆ ಮೈಬಣ್ಣದ ಮುಖಗಳನ್ನು ಒಂದೇ ಚೌಕಟ್ಟಿನಲ್ಲಿ ಬರೆಯಿರಿ. ಆಗ ಹಂಚುವಾಗಲೂ ಸಂಶಯ ಚಿತ್ರದೊಳಗೇ ಉಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಪಕ್ಕದ ಉಳ್ಳಾಲ. ಅಬ್ಬಕ್ಕನ ಪ್ರತಿಮೆಗಳೆಲ್ಲ ನಮ್ಮ ಕಾಲದ ಕಲ್ಪನೆ. 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಬರೆದದ್ದು ಬೇರೆ: ಕಪ್ಪು ಮೈಬಣ್ಣ, ತುಂಬಿದ ಮೈ, ಚುರುಕು ನಡಿಗೆ, ಸುಮಾರು ನಲವತ್ತರ ವಯಸ್ಸು, ಸೊಂಟಕ್ಕೆ ದಪ್ಪ ಬಿಳಿ ಹತ್ತಿಬಟ್ಟೆ, ಬರಿಗಾಲು. ಇಷ್ಟರಿಂದ ಕಣ್ಣು ಮೂಗು ಬರೆಯಲಾಗದು, ನಿಜ. ಆದರೆ ಪ್ರತಿಮೆಯಿಂದ ಫೋಟೋದಂಥ ಮುಖವೊಂದು ಹೊರಟು ಶಾಲೆಯ ಗೋಡೆ ಸೇರಿದರೆ, ಮಕ್ಕಳಿಗೆ ಅದೇ ಅಬ್ಬಕ್ಕ; ಬರಿಗಾಲಿನ ಆ ರಾಣಿಯನ್ನು ಯಾರೂ ಹುಡುಕಿ ಓದುವುದಿಲ್ಲ.